ವಿಮೆ ಕಂತಿನ ಮೂವತ್ತು ದಿನ: ಎಲ್ಲಿಂದ ಎಣಿಸಬೇಕು?

ನಮ್ಮ ಕುಂದಾಣ ಕಡೆ ರೇಷ್ಮೆ ಮಾಡುವವರು ಜೀವವಿಮೆಯ ಕಂತನ್ನು ಗೂಡಿನ ದುಡ್ಡಿನಲ್ಲೇ ಕಟ್ಟುವುದು. ಕಂತಿನ ತಾರೀಖು ಬಂದಾಗ ಹುಳು ಇನ್ನೂ ತಟ್ಟೆಯಲ್ಲಿರುತ್ತೆ. 'ಮೂವತ್ತು ದಿನ ಟೈಮಿದೆಯಲ್ಲಾ, ಗೂಡು ಮಾರಿ ಕಟ್ಟಿದರಾಯ್ತು' ಅಂತ ಸುಮ್ಮನಿರುತ್ತೇವೆ. ಆ ಮೂವತ್ತು ದಿನ ಯಾವತ್ತು ಮುಗಿಯುತ್ತೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ತಾರೀಖು ಹೇಳುತ್ತಾರೆ. ನಾನು ಲೆಕ್ಕ ಹಾಕುವ ರೀತಿಯನ್ನು ಇಲ್ಲಿ ಬರೆದಿದ್ದೇನೆ.

ಎಲ್ಐಸಿ ಮುಂತಾದ ಜೀವವಿಮೆಗಳಲ್ಲಿ ವರ್ಷಕ್ಕೆ, ಆರು ತಿಂಗಳಿಗೆ ಅಥವಾ ಮೂರು ತಿಂಗಳಿಗೊಮ್ಮೆ ಕಟ್ಟುವ ಕಂತಿಗೆ 30 ದಿನದ ಗ್ರೇಸ್ ಉಂಟು. ತಿಂಗಳಿಗೊಮ್ಮೆ ಕಟ್ಟುವವರಿಗೆ ಸಿಗುವುದು 15 ದಿನ ಮಾತ್ರ.

ಎಣಿಸುವ ಕ್ರಮ

ಕಂತಿನ ತಾರೀಖನ್ನು ಬಿಟ್ಟು ಮಾರನೇ ದಿನವನ್ನು 'ಒಂದು' ಅಂತ ಹಿಡಿಯಬೇಕು. ಕಂತು 2025ರ ಆಗಸ್ಟ್ 20ಕ್ಕೆ ಇತ್ತು ಅನ್ನಿ. ಆಗಸ್ಟ್ 21ರಿಂದ 31ರವರೆಗೆ 11 ದಿನ ಆಯ್ತು. ಉಳಿದ 19 ದಿನ ಸೆಪ್ಟೆಂಬರಿನಲ್ಲಿ. ಹಾಗಾಗಿ ಸೆಪ್ಟೆಂಬರ್ 19 ಕೊನೇ ದಿನ, 20ಕ್ಕೆ ಪಾಲಿಸಿ ಲ್ಯಾಪ್ಸ್. 'ಇಪ್ಪತ್ತರಿಂದ ಇಪ್ಪತ್ತಕ್ಕೆ ಒಂದು ತಿಂಗಳು' ಅಂದುಕೊಂಡು 20ಕ್ಕೆ ಹೋದರೆ ಒಂದು ದಿನ ತಡವಾದಂತೆ.

ಇದನ್ನೇ ಸುಲಭವಾಗಿ ಹೀಗೆ ನೆನಪಿಡಬಹುದು. ಕಂತು ಬೀಳುವ ತಿಂಗಳಿಗೆ 31 ದಿನ ಇದ್ದರೆ ಮುಂದಿನ ತಿಂಗಳು ಒಂದು ತಾರೀಖು ಮೊದಲು. 30 ದಿನ ಇದ್ದರೆ ಅದೇ ತಾರೀಖು. ಫೆಬ್ರವರಿಯಾದರೆ ಎರಡು ತಾರೀಖು ಆಮೇಲೆ (29 ದಿನದ ಫೆಬ್ರವರಿಯಾದರೆ ಒಂದೇ). ಫೆಬ್ರವರಿ 10ರ ಕಂತಿಗೆ ಮಾರ್ಚ್ 12 ಕೊನೇ ದಿನ. ಜನವರಿ ಕೊನೆಯ ಕಂತಿದ್ದವರು ಮಾತ್ರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಬೆರಳು ಮಡಚಿ ಎಣಿಸಿ.

ಹಳೇ ಬಾಂಡುಗಳಲ್ಲಿ 'ಒಂದು ತಿಂಗಳು, ಆದರೆ 30 ದಿನಕ್ಕೆ ಕಡಿಮೆಯಿಲ್ಲದಂತೆ' ಎಂಬ ಮಾತಿರುತ್ತೆ. ಅಂಥವರಿಗೆ ಆಗಸ್ಟ್ 20ರ ಕಂತಿಗೆ ಸೆಪ್ಟೆಂಬರ್ 20ರವರೆಗೂ ಅವಕಾಶ. ನಿಮ್ಮ ಬಾಂಡಿನಲ್ಲಿ ಏನಿದೆ ಅಂತ ಓದಿಸಿಕೊಳ್ಳಿ. ತಿಳಿಯದಿದ್ದರೆ 30 ದಿನವನ್ನೇ ನಂಬಿ.

ರಸೀತಿ ತಾರೀಖಲ್ಲ

ತುಂಬಾ ಜನ ಎಡವುವುದು ಇಲ್ಲಿ. ಹೋದ ಸಲ ಫೆಬ್ರವರಿ 20ರ ಕಂತನ್ನು ಮಾರ್ಚ್ 18ಕ್ಕೆ ಕಟ್ಟಿದ್ದರೆ, ಆರು ತಿಂಗಳು ಅಂದರೆ ಸೆಪ್ಟೆಂಬರ್ 18, ಅದರ ಮೇಲೆ ಮೂವತ್ತು ದಿನ ಅಂತ ಲೆಕ್ಕ ಹಾಕುತ್ತಾರೆ. ಹಾಗಲ್ಲ. ತಡವಾಗಿ ಕಟ್ಟಿದರೆ ಮುಂದಿನ ಕಂತು ಮುಂದಕ್ಕೆ ಹೋಗೋದಿಲ್ಲ. ಅದು ಆಗಸ್ಟ್ 20ಕ್ಕೇ ಬೀಳುತ್ತೆ. ರಸೀತಿಯಲ್ಲಿ ಮುಂದಿನ ಕಂತಿನ ತಾರೀಖು ಬೇರೆಯಾಗಿ ಅಚ್ಚಾಗಿರುತ್ತೆ, ಅದನ್ನು ನೋಡಿ. ದುಡ್ಡನ್ನು ಬೇರೆಯವರ ಕೈಯಲ್ಲಿ ಕೊಟ್ಟು ಕಳಿಸಿದರೆ, ಕೊಟ್ಟ ದಿನವಲ್ಲ, ರಸೀತಿ ಆದ ದಿನ ಲೆಕ್ಕ. ಚೆಕ್ ವಾಪಸ್ ಬಂದರೆ ಕಟ್ಟಿದಂತೆಯೇ ಅಲ್ಲ.

ಒಂದು ದಿನದ ಬೆಲೆ

ಗ್ರೇಸ್ ದಿನಗಳಲ್ಲಿ ವಿಮೆ ಜೀವಂತ. ಮೇಲಿನ ಲೆಕ್ಕದಲ್ಲಿ ಸೆಪ್ಟೆಂಬರ್ 19ರಂದು ಮನೆಯವರು ತೀರಿಹೋದರೆ, ಬಾಕಿ ಕಂತನ್ನು ಹಿಡಿದುಕೊಂಡು ನಾಮಿನಿಗೆ ಹಣ ಕೊಡುತ್ತಾರೆ. ಅದೇ 20ಕ್ಕೆ ಆದರೆ ಪೂರ್ತಿ ಹಣಕ್ಕೆ ಹಕ್ಕಿಲ್ಲ. ಕೆಲವು ವರ್ಷ ಕಟ್ಟಿದ್ದ ಪಾಲಿಸಿಯಾದರೆ ಕಟ್ಟಿದ್ದಕ್ಕೆ ತಕ್ಕ ಕಡಿಮೆ ಮೊತ್ತ ಸಿಗಬಹುದು, ಹೊಸದಾದರೆ ಅದೂ ಕಷ್ಟ.

ಲ್ಯಾಪ್ಸ್ ಆದ ಮೇಲೆ ಆಫೀಸಿನವರು ಹಿಡಿಯುವುದು ಸೆಪ್ಟೆಂಬರ್ 20 ಅಲ್ಲ, ಕಟ್ಟದೆ ಉಳಿದ ಮೊದಲ ಕಂತಿನ ತಾರೀಖು, ಅಂದರೆ ಆಗಸ್ಟ್ 20. ಬಡ್ಡಿ ಅಲ್ಲಿಂದಲೇ. ಪಾಲಿಸಿಯನ್ನು ಮತ್ತೆ ಊರ್ಜಿತ ಮಾಡಿಸಲು ಈಗಿನ ಸಾಮಾನ್ಯ ಪಾಲಿಸಿಗಳಿಗೆ ಇರುವ 5 ವರ್ಷವೂ ಅಲ್ಲಿಂದಲೇ. ಆಗ ಆರೋಗ್ಯ ಚೆನ್ನಾಗಿದೆ ಅಂತ ಬರೆದುಕೊಡಬೇಕು, ಕೆಲವೊಮ್ಮೆ ಡಾಕ್ಟರ ತಪಾಸಣೆಯೂ ಆಗಬೇಕು.

ಗೂಡಿನ ಲೆಕ್ಕಕ್ಕೆ ಹೊಂದುತ್ತದೆಯೇ?

ಎರಡನೇ ಜ್ವರ ಎದ್ದ ಚಾಕಿ ಹುಳು ತಂದರೆ ಹಣ್ಣಾಗಲು ಹದಿನೆಂಟು-ಇಪ್ಪತ್ತು ದಿನ, ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಬಿಡಿಸಲು ಐದಾರು ದಿನ. ಆಗಸ್ಟ್ 20ಕ್ಕೇ ಚಾಕಿ ತಂದವರು ಸೆಪ್ಟೆಂಬರ್ 15ರ ಹೊತ್ತಿಗೆ ವಿಜಯಪುರದ ಮಾರ್ಕೆಟ್ಟಿಗೆ ಹೋಗಬಹುದು, ಕಂತಿಗೆ ನಾಲ್ಕು ದಿನ ಮಿಗುತ್ತೆ. ಮಳೆ ಹಿಡಿದು ಚಳಿಗೆ ಹುಳು ನಿಧಾನವಾದರೆ ಆ ನಾಲ್ಕು ದಿನವೂ ಹೋಯಿತು. ಆಗಸ್ಟ್ 25ರ ಮೇಲೆ ಚಾಕಿ ತರುವವರು ಆ ಬೆಳೆಯನ್ನು ನಂಬಿ ಕೂರಬಾರದು, ಹಾಲಿನ ದುಡ್ಡಿನಿಂದಲೋ ಹಿಂದಿನ ಬೆಳೆಯಿಂದಲೋ ತೆಗೆದಿಡಬೇಕು. ಕೊನೇ ದಿನ ಭಾನುವಾರವೋ ಹಬ್ಬವೋ ಆದರೆ ಅದರ ಹಿಂದಿನ ಕೆಲಸದ ದಿನವನ್ನೇ ಗಡುವು ಅಂತ ಗುರುತು ಹಾಕಿಕೊಳ್ಳಿ.

ಈ ಲೆಕ್ಕ ಜೀವವಿಮೆಗೆ ಮಾತ್ರ. ಟ್ರ್ಯಾಕ್ಟರ್, ಬೈಕಿನ ವಿಮೆ ಮುಗಿದ ದಿನದ ಮಧ್ಯರಾತ್ರಿಗೇ ಮುಗಿಯಿತು, ಮಾರನೇ ದಿನ ಅಪಘಾತವಾದರೆ ಗ್ರೇಸ್ ಅನ್ನುವ ಮಾತೇ ಇಲ್ಲ. ಅಂಚೆ ಕಚೇರಿಯ ಗ್ರಾಮೀಣ ಜೀವವಿಮೆಗೆ ಬೇರೆ ನಿಯಮ, ಅದನ್ನು ನಿಮ್ಮ ಪೋಸ್ಟ್ ಆಫೀಸಿನಲ್ಲೇ ಕೇಳಬೇಕು.