ನೆಗಡಿ ‘ದೆಗಡಿ’ಯಾಗುವ ಬಗೆ

ಮೂಗು ಪೂರ್ತಿ ಕಟ್ಟಿದವರನ್ನು ಏನಾಯಿತೆಂದು ಕೇಳಿದರೆ ‘ದೆಗಡಿ’ ಎನ್ನುತ್ತಾರೆ. ಅವರು ‘ಅಮ್ಮ’ ಎಂದರೆ ‘ಅಬ್ಬ’ ಎಂದು ಕೇಳಿಸುತ್ತದೆ. ಭಾಷಾವಿಜ್ಞಾನದ ಮೊದಲ ವರ್ಷದವರಿಗೆ ನಾನು ಪಾಠ ಶುರುಮಾಡುವುದು ಈ ಕಟ್ಟಿದ ಮೂಗಿನಿಂದಲೇ. ವ್ಯಂಜನಗಳ ಉಚ್ಚಾರಣಾ ಸ್ಥಾನ ಬೇರೆ, ಉಚ್ಚಾರಣಾ ರೀತಿ ಬೇರೆ ಎಂಬುದು ಇಲ್ಲಿ ಕೈಗೆ ಸಿಗುವಷ್ಟು ಸ್ಪಷ್ಟವಾಗಿದೆ.

ನೀವೇ ಮಾಡಿ ನೋಡಿ. ತುಟಿ ಮುಚ್ಚಿ ‘ಮ್‌ಮ್‌ಮ್’ ಎಂದು ಗುಂಯ್‌ಗುಡುತ್ತಾ ಇರಿ. ಹಾಗೇ ಮೂಗನ್ನು ಬೆರಳಿನಿಂದ ಒತ್ತಿ ಹಿಡಿದರೆ ಸದ್ದು ನಿಂತೇ ಹೋಗುತ್ತದೆ. ಅಲ್ಲಿಯವರೆಗೆ ಗಾಳಿ ಮೂಗಿನಿಂದ ಹೊರಗೆ ಹೋಗುತ್ತಿತ್ತು, ಈಗ ಆ ದಾರಿ ಮುಚ್ಚಿತು. ತುಟಿ ಮಾತ್ರ ಇದ್ದಲ್ಲೇ ಇದೆ, ಮೊದಲಿನ ಹಾಗೆಯೇ ಮುಚ್ಚಿಕೊಂಡಿದೆ. ಈಗ ತುಟಿ ತೆರೆದರೆ ಬಕಾರದಂಥ ಸದ್ದು ಹೊರಡುತ್ತದೆ. ಬಾಯೊಳಗೆ ಎಲ್ಲಿ ಅಡ್ಡಿಯಾಯಿತು ಎನ್ನುವುದು ಸ್ಥಾನ. ‘ಮ’, ‘ಬ’ ಎರಡಕ್ಕೂ ಅದು ತುಟಿಗಳೇ. ಆ ಅಡ್ಡಿಯ ಎದುರು ಗಾಳಿ ಹೇಗೆ ಸಾಗಿತು ಎನ್ನುವುದು ರೀತಿ. ‘ಮ’ದಲ್ಲಿ ಮೂಗಿನಿಂದ ಹರಿಯಿತು, ‘ಬ’ದಲ್ಲಿ ಪೂರ್ತಿ ತಡೆದು ಸಿಡಿಯಿತು. ನೆಗಡಿ ರೀತಿಯನ್ನು ಕೆಡಿಸುತ್ತದೆಯೇ ಹೊರತು ಸ್ಥಾನವನ್ನು ಮುಟ್ಟುವುದಿಲ್ಲ. ಅದಕ್ಕೇ ‘ನ’ ಹೋಗಿ ‘ದ’ ಬಂತು, ‘ಬ’ ಬರಲಿಲ್ಲ.

ಇದರ ತಿರುವುಮುರುವು ನಮ್ಮ ಬರವಣಿಗೆಯಲ್ಲೇ ಇದೆ. ‘ಕಂಪು’, ‘ದಂತ’, ‘ಗಂಟೆ’, ‘ಪಂಚೆ’, ‘ಬೆಂಕಿ’ ಎಲ್ಲಕ್ಕೂ ಒಂದೇ ಸೊನ್ನೆ ಬರೆಯುತ್ತೇವೆ. ‘ಕಂಪು’ ಹೇಳಲು ಹೊರಟು ‘ಪು’ ಬರುವ ಮುನ್ನ ನಿಲ್ಲಿಸಿ: ತುಟಿ ಮುಚ್ಚಿದೆ. ‘ದಂತ’ದಲ್ಲಿ ನಿಲ್ಲಿಸಿದರೆ ನಾಲಿಗೆಯ ತುದಿ ಹಲ್ಲಿಗೆ ತಾಗಿದೆ. ‘ಗಂಟೆ’ಯಲ್ಲಿ ತುದಿ ಮೇಲಕ್ಕೆ ಮಡಚಿಕೊಂಡಿದೆ. ‘ಬೆಂಕಿ’ಯಲ್ಲಿ ತುದಿ ಸುಮ್ಮನೆ ಮಲಗಿದೆ, ನಾಲಿಗೆಯ ಹಿಂಭಾಗ ಎದ್ದು ಅಂಗಳಕ್ಕೆ ಒತ್ತಿಕೊಂಡಿದೆ. ಎಲ್ಲದರಲ್ಲೂ ಗಾಳಿ ಮೂಗಿನಿಂದಲೇ ಹೋಗುತ್ತಿದೆ. ಇಲ್ಲಿ ರೀತಿ ಒಂದೇ, ಸ್ಥಾನ ಮಾತ್ರ ಮುಂದಿನ ಅಕ್ಷರ ಕರೆದಲ್ಲಿಗೆ ಹೋಗುತ್ತದೆ. ಸೊನ್ನೆಯೊಂದೇ ಸಾಕಾಗುವುದೂ ಇದರಿಂದಲೇ.

ವಿದ್ಯಾರ್ಥಿಗಳು ಎಡವುವುದು ವರ್ಣಮಾಲೆಯ ಕೋಷ್ಟಕದಲ್ಲಿ. ಕ-ವರ್ಗ, ಚ-ವರ್ಗ, ಟ-ವರ್ಗ, ತ-ವರ್ಗ, ಪ-ವರ್ಗ ಎಂಬ ಅಡ್ಡಸಾಲುಗಳು ಸ್ಥಾನವನ್ನು ಹೇಳುತ್ತವೆ. ಗಂಟಲ ಕಡೆಯಿಂದ ತುಟಿಯ ಕಡೆಗೆ ನಡೆದುಬರುವ ಆ ಜೋಡಣೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಹಾಗಾದರೆ ಕಂಬಸಾಲುಗಳು ರೀತಿಯನ್ನು ಹೇಳಬೇಕಲ್ಲವೇ ಎಂದು ಎಷ್ಟೋ ಜನ ಉತ್ತರ ಬರೆಯುತ್ತಾರೆ. ಅದು ತಪ್ಪು. ಪ, ಫ, ಬ, ಭ ನಾಲ್ಕರಲ್ಲೂ ತುಟಿ ಮುಚ್ಚಿ ಗಾಳಿ ತಡೆದು ಬಿಡುವುದು ಒಂದೇ ಬಗೆ, ಅಂದರೆ ರೀತಿ ಒಂದೇ. ಅವು ಬೇರೆಯಾಗುವುದು ಗಂಟಲಿನ ನಾದದಿಂದ ಮತ್ತು ಉಸಿರಿನ ಒತ್ತಿನಿಂದ. ಗಂಟಲ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಎಂದೂ ‘ಮ್‌ಮ್‌ಮ್’ ಎಂದೂ ಹೇಳಿದರೆ ಎರಡನೆಯದರಲ್ಲಿ ಸಿಗುವ ನಡುಕವೇ ನಾದ. ಅದು ಮೂರನೆಯ ಸಂಗತಿ, ಸ್ಥಾನವೂ ಅಲ್ಲ, ರೀತಿಯೂ ಅಲ್ಲ. ರೀತಿ ಬದಲಾಗುವುದು ಐದನೆಯ ಕಂಬಸಾಲಿನಲ್ಲಿ, ಅನುನಾಸಿಕಕ್ಕೆ ಬಂದಾಗ ಮಾತ್ರ.

ಉಳಿದ ರೀತಿಗಳೆಲ್ಲ ಅವರ್ಗೀಯ ವ್ಯಂಜನಗಳಲ್ಲಿವೆ. ಅವನ್ನು ಶಾಲೆಯಲ್ಲಿ ಒಂದೇ ಉಸಿರಿಗೆ ‘ಯ ರ ಲ ವ’ ಎಂದು ಕಲಿತುಬಿಟ್ಟಿರುವುದರಿಂದ ಒಂದೊಂದಕ್ಕೂ ಸ್ಥಾನ, ರೀತಿ ಎರಡನ್ನೂ ನಾವೇ ಹುಡುಕಬೇಕು. ‘ಳ’ ತೆಗೆದುಕೊಳ್ಳಿ. ‘ಹಳ್ಳಿ’ ಎನ್ನಲು ನಾಲಿಗೆ ಮಡಚಿ, ‘ಳ್’ ಹತ್ತಿರ ಹಾಗೇ ಹಿಡಿದು ಬಾಯಿಂದ ಉಸಿರನ್ನು ಒಳಕ್ಕೆ ಎಳೆಯಿರಿ. ನಾಲಿಗೆಯ ಎರಡು ಅಂಚಿಗೋ ಒಂದಕ್ಕೋ ತಣ್ಣಗಾಗುತ್ತದೆ, ನಡುವೆ ಆಗುವುದಿಲ್ಲ. ನಡುವೆ ದಾರಿ ಮುಚ್ಚಿದೆ, ಪಕ್ಕದಲ್ಲಿ ತೆರೆದಿದೆ ಎಂದಾಯಿತು. ಆದ್ದರಿಂದ ‘ಳ’ ಸ್ಥಾನದಲ್ಲಿ ಮೂರ್ಧನ್ಯ, ರೀತಿಯಲ್ಲಿ ಪಾರ್ಶ್ವಿಕ. ‘ಹಲ್ಲಿ’ಯ ‘ಲ’ಕ್ಕೂ ಪಕ್ಕದ ದಾರಿಯೇ, ಆದರೆ ತುದಿ ಮುಂದಿದೆ. ಹಳ್ಳಿಗೂ ಹಲ್ಲಿಗೂ ಇರುವ ವ್ಯತ್ಯಾಸ ಸ್ಥಾನದ್ದು. ‘ಹಳ’, ‘ಹಣ’ ಎಂದು ನೋಡಿದರೆ ಅಲ್ಲಿರುವುದು ರೀತಿಯ ವ್ಯತ್ಯಾಸ.

ಮೂರ್ಧನ್ಯ ಎಂಬ ಹೆಸರಿನಲ್ಲೂ ಒಂದು ತೊಡಕಿದೆ. ಅದನ್ನು ಸ್ಥಾನವೆಂದೇ ಪಟ್ಟಿಮಾಡುತ್ತೇವೆ, ಆದರೂ ನಾಲಿಗೆ ಎಲ್ಲಿ ತಾಗುತ್ತದೆ ಎನ್ನುವಷ್ಟೇ ಅದು ಹೇಗೆ ಮಡಚಿದೆ ಎನ್ನುವುದೂ ಅದರಲ್ಲಿ ಸೇರಿಕೊಂಡಿದೆ.

ಎರಡೂ ಒಟ್ಟಿಗೆ ಬದಲಾದ ಸದ್ದು ದಿನಾ ನಮ್ಮ ಬಾಯಲ್ಲಿದೆ. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’. ಮೊದಲು ತುಟಿ ಬಿಗಿಯಾಗಿ ಮುಚ್ಚುವುದು ಸಡಿಲಗೊಂಡು, ದೀಪ ಊದುವಾಗಿನಂತೆ ಗಾಳಿ ತುಟಿಗಳ ನಡುವೆ ಉಜ್ಜಿಕೊಂಡು ಬಂದಿರಬೇಕು. ಸ್ಪರ್ಶ ಹೋಗಿ ಘರ್ಷವಾಯಿತು. ಆಮೇಲೆ ತುಟಿಯ ಕೆಲಸವೂ ನಿಂತು ಸದ್ದು ಗಂಟಲಿಗೆ ಇಳಿಯಿತು. ‘ಅಪ್ಪ’, ‘ಉಪ್ಪು’ಗಳಲ್ಲಿ ಒತ್ತಿದ ತುಟಿ ಬಿಡಲಿಲ್ಲ, ಅಲ್ಲಿ ಹಳೆಯ ‘ಪ’ ಹಾಗೇ ಉಳಿದಿದೆ.