ಇಟ್ಟಿಗೆ ಗೋಡೆಯ ಮೇಲಿನ ತೇಪೆ

ಫೋಟೊಶಾಪ್‌ನ ಕಂಟೆಂಟ್-ಅವೇರ್ ಫಿಲ್ ಬಂದದ್ದು 2010ರಲ್ಲಿ. ಫೋಟೊದಲ್ಲಿ ಬೇಡವಾದದ್ದನ್ನು ಅಳಿಸಿದಾಗ ಉಳಿಯುವ ಖಾಲಿ ಜಾಗವನ್ನು ಅದು ಅದೇ ಫೋಟೊದ ಬೇರೆ ಕಡೆಯ ಸಣ್ಣ ಚೂರುಗಳಿಂದ ತುಂಬುತ್ತದೆ. ಹುಲ್ಲು, ಮರಳು, ಮೋಡಗಳಲ್ಲಿ ಕೆಲಸ ಚೊಕ್ಕಟ. ಇಟ್ಟಿಗೆ ಗೋಡೆಯಲ್ಲಾದರೆ ಗಾರೆಯ ಗೆರೆಗಳು ಕರಗಿ, ಅರ್ಧಂಬರ್ಧ ಇಟ್ಟಿಗೆಗಳು ಹುಟ್ಟಿಕೊಳ್ಳುತ್ತವೆ.

ಒಂದೊಂದು ಚೂರೂ ಕೆಲವೇ ಪಿಕ್ಸೆಲ್‌ಗಳಷ್ಟು ಅಗಲ. ಅಷ್ಟು ಚಿಕ್ಕ ಕಿಂಡಿಯಲ್ಲಿ ಇಣುಕಿದರೆ ಗೋಡೆಯ ಯಾವ ಸಂದಾದರೂ ಒಂದೇ ಥರ ಕಾಣುತ್ತದೆ; ಇಟ್ಟಿಗೆ ಎಷ್ಟು ಉದ್ದ ಎಂಬುದು ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ಎಡ ಅಂಚಿನಿಂದ ತುಂಬುತ್ತ ಬಂದ ಸಾಲು ಎಡಕ್ಕೆ ಸರಿಯಾಗಿರುತ್ತದೆ, ಬಲದಿಂದ ಬಂದದ್ದು ಬಲಕ್ಕೆ. ನಡುವೆ ಎರಡೂ ಸೇರುವಲ್ಲಿ ಲೆಕ್ಕ ತಪ್ಪುತ್ತದೆ. ಒಂದರ ಮೇಲೊಂದು ಬಿದ್ದ ಚೂರುಗಳ ಬಣ್ಣವನ್ನು ಸರಾಸರಿ ಮಾಡುವುದರಿಂದ, ಒಂದರ ಗಾರೆ ಇನ್ನೊಂದರ ಇಟ್ಟಿಗೆಯೊಂದಿಗೆ ಬೆರೆತು ಮಸಿ ಒರೆಸಿದಂತಾಗುತ್ತದೆ. ಓರೆಯಾಗಿ ತೆಗೆದ ಫೋಟೊದಲ್ಲಿ ದೂರ ಹೋದಂತೆ ಇಟ್ಟಿಗೆ ಚಿಕ್ಕದಾಗುವುದರಿಂದ ಅಳತೆಗೆ ಹೊಂದುವ ಚೂರು ಸಿಗುವುದೂ ಕಷ್ಟ.

ಆದ್ದರಿಂದ ಅಳತೆಯನ್ನು ಕೈಯಾರೆ ಕೊಡಬೇಕು. ನೇರವಾಗಿ ತೆಗೆದ ಗೋಡೆಯ ಫೋಟೊದಿಂದ 300 ಪಿಕ್ಸೆಲ್ ಅಗಲದ ಮೀಟರ್ ಪೆಟ್ಟಿಗೆಯೊಂದನ್ನು ತೆಗೆಯಬೇಕಿದೆ ಎನ್ನೋಣ. ಇಟ್ಟಿಗೆ 120 ಪಿಕ್ಸೆಲ್, ಸಂದು 10. ಅಂದರೆ ವಿನ್ಯಾಸ 130 ಪಿಕ್ಸೆಲ್‌ಗೊಮ್ಮೆ ಮರುಕಳಿಸುತ್ತದೆ. ಪೆಟ್ಟಿಗೆಯನ್ನು ದಾಟುವಷ್ಟು ದೂರ ಬೇಕಾದ್ದರಿಂದ ಮೂರು ಪಟ್ಟು, ಅಂದರೆ 390 ಪಿಕ್ಸೆಲ್ ಎಡಕ್ಕಿರುವ ಗೋಡೆಯ ಭಾಗವನ್ನು ಹೊಸ ಲೇಯರ್‌ಗೆ ನಕಲಿಸಿ, ಅಷ್ಟೇ ದೂರ ಬಲಕ್ಕೆ ಸರಿಸಬೇಕು. ಮೇಲಿನಿಂದ ಅಥವಾ ಕೆಳಗಿನಿಂದ ತರುವುದಾದರೆ ಎರಡು ವರಸೆಗಳ ಲೆಕ್ಕ ಹಿಡಿಯಬೇಕು, ಏಕೆಂದರೆ ಸಾಮಾನ್ಯ ಕಟ್ಟಣೆಯಲ್ಲಿ ಪಕ್ಕದ ವರಸೆ ಅರ್ಧ ಇಟ್ಟಿಗೆಯಷ್ಟು ಸರಿದಿರುತ್ತದೆ. ಬಳಿಕ ಮಾಸ್ಕ್‌ನ ಅಂಚನ್ನು ಇಟ್ಟಿಗೆಯ ನಡುವೆ ಹಾಯಿಸದೆ ಗಾರೆಯ ಗೆರೆಯಗುಂಟವೇ ಎಳೆದರೆ ಬೆಸುಗೆ ಕಣ್ಣಿಗೆ ಬೀಳದು. ಬೆಳಕಿನ ವ್ಯತ್ಯಾಸವನ್ನು Curves ಸರಿಮಾಡುತ್ತದೆ.

ಕಂಟೆಂಟ್-ಅವೇರ್ ಫಿಲ್ ಅನ್ನೇ ಬಳಸುವುದಾದರೆ Sampling Area ಒಳಗೆ ಗೋಡೆಯನ್ನು ಮಾತ್ರ ಉಳಿಸಿ, Rotation Adaptation ಅನ್ನು None ಮಾಡಿ, Scale ಮತ್ತು Mirror ಗುರುತುಗಳನ್ನು ತೆಗೆಯಬೇಕು. ಇದರಿಂದ ತಪ್ಪು ಕಡಿಮೆಯಾಗುತ್ತದೆಯೇ ಹೊರತು ಸಾಲು ಕೂಡೇ ಕೂಡುತ್ತದೆಂಬ ಭರವಸೆಯಿಲ್ಲ. ಓರೆ ಗೋಡೆಗೆ Vanishing Point ಫಿಲ್ಟರ್ ವಾಸಿ: ಗಾರೆಯ ಗೆರೆಗಳ ಮೇಲೆ ನಾಲ್ಕು ಮೂಲೆ ಗುರುತಿಸಿದರೆ, ಸ್ಟಾಂಪ್‌ನಿಂದ ತಂದ ಇಟ್ಟಿಗೆ ದೂರಕ್ಕೆ ತಕ್ಕಂತೆ ತಾನೇ ಕಿರಿದಾಗುತ್ತದೆ.

ಕೊನೆಗೆ ಚಿತ್ರವನ್ನು ಕಿರಿದಾಗಿಸಿ ನೋಡಬೇಕು. ಕಲೆಯಿರುವ ಅದೇ ಇಟ್ಟಿಗೆ ಎರಡು ಕಡೆ ಕಂಡರೆ ಸುಳ್ಳು ಬಯಲಾದಂತೆ. ಅದರ ಮೇಲೆ ಬೇರೊಂದು ಇಟ್ಟಿಗೆಯನ್ನು ತಂದು ಕೂರಿಸಬೇಕು.