ಉತ್ತರ ತಪ್ಪು, ದಾರಿ ಸರಿ: ಅಂಕ ಎಷ್ಟು?

ಹತ್ತನೇ ತರಗತಿಯ ಗಣಿತದಲ್ಲಿ ವರ್ಗ ಸಮೀಕರಣದ ಪಾಠ ಕಲಿತವರಿಗೆಲ್ಲ ಈ ರೈಲಿನ ಲೆಕ್ಕ ಗೊತ್ತು. ಒಂದು ರೈಲು 360 ಕಿಲೋಮೀಟರ್ ದೂರವನ್ನು ಒಂದೇ ಜವದಲ್ಲಿ ಕ್ರಮಿಸುತ್ತದೆ. ಅದರ ಜವ ಗಂಟೆಗೆ 5 ಕಿ.ಮೀ. ಹೆಚ್ಚಿದ್ದರೆ ಪ್ರಯಾಣಕ್ಕೆ ಒಂದು ಗಂಟೆ ಕಡಿಮೆ ಸಾಕಾಗುತ್ತಿತ್ತು. ಹಾಗಾದರೆ ರೈಲಿನ ಜವ ಎಷ್ಟು? ಉತ್ತರ ಗಂಟೆಗೆ 40 ಕಿ.ಮೀ. ಒಬ್ಬ ಹುಡುಗಿ ಸಮೀಕರಣವನ್ನು ಸರಿಯಾಗಿ ಕಟ್ಟುತ್ತಾಳೆ, ಬಿಡಿಸುವ ಕ್ರಮವೂ ಸರಿಯಾಗಿದೆ. ಆದರೆ ನಡುವೆ 360ನ್ನು 5ರಿಂದ ಗುಣಿಸುವಾಗ 1800ರ ಬದಲು 1400 ಎಂದು ಬರೆದು, ಕೊನೆಗೆ 35 ಎಂಬ ಉತ್ತರಕ್ಕೆ ಬಂದು ನಿಲ್ಲುತ್ತಾಳೆ. ನಾಲ್ಕು ಅಂಕದ ಈ ಪ್ರಶ್ನೆಗೆ ಅವಳಿಗೆ ಎಷ್ಟು ಕೊಡಬೇಕು?

ಒಬ್ಬ ಮೇಷ್ಟ್ರು ಸೊನ್ನೆ ಕೊಡಬಹುದು, ಇನ್ನೊಬ್ಬರು ಎರಡು, ಮತ್ತೊಬ್ಬರು ಮೂರೂವರೆ. ಮೂವರೂ ತಮ್ಮದೇ ನ್ಯಾಯ ಎಂದುಕೊಳ್ಳುತ್ತಾರೆ. ಈ ವ್ಯತ್ಯಾಸ ಹುಟ್ಟುವುದಕ್ಕೆ ಮೇಷ್ಟ್ರ ಮನಸ್ಸು ಮೃದುವೋ ಕಠಿಣವೋ ಎಂಬುದು ಕಾರಣವಲ್ಲ. ಯಾವ ಅಂಕ ಯಾವ ಕೆಲಸಕ್ಕೆ ಎಂಬುದನ್ನು ಹಾಳೆ ತಿದ್ದುವ ಮೊದಲೇ ತೀರ್ಮಾನಿಸಿರುವುದಿಲ್ಲ, ಅದು ಕಾರಣ.

ಎರಡು ಬಗೆಯ ಅಂಕ

ನಮ್ಮ ಎಸ್ಸೆಸ್ಸೆಲ್ಸಿ ಗಣಿತದ ಕೀ ಉತ್ತರಗಳನ್ನು ನೋಡಿದವರಿಗೆ ಗೊತ್ತಿರುತ್ತದೆ, ಸಾಲುಗಳ ಬಲಬದಿಗೆ ½, 1 ಎಂದು ಹಂತದ ಅಂಕ ಹಂಚಿರುತ್ತಾರೆ. ಹಂತಕ್ಕೆ ಅಂಕ ಕೊಡುವುದು ಹೊಸ ವಿಷಯವೇನಲ್ಲ. ಆದರೆ ಕೀ ಉತ್ತರ ತೋರಿಸುವುದು ಸರಿಯಾದ ದಾರಿಯನ್ನು. ಎರಡನೇ ಸಾಲಿನಲ್ಲಿ ಸಂಖ್ಯೆ ತಪ್ಪಿತು ಎಂದಾದರೆ ಕೆಳಗಿನ ಯಾವ ಸಾಲೂ ಕೀಯ ಜೊತೆ ತಾಳೆಯಾಗುವುದಿಲ್ಲ. ಅಲ್ಲಿಂದ ಮುಂದೆ ಏನು ಮಾಡಬೇಕೆಂಬುದು ಪೂರ್ತಿ ಮೌಲ್ಯಮಾಪಕರ ವಿವೇಚನೆಗೆ ಬೀಳುತ್ತದೆ.

ಈ ಕಡೆಯಲ್ಲಿ ಕೇಂಬ್ರಿಡ್ಜ್ ಪರೀಕ್ಷಾ ಮಂಡಳಿಯ ಪದ್ಧತಿ ನೋಡತಕ್ಕದ್ದು. ಅದರ ಗಣಿತದ ಅಂಕಪಟ್ಟಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಅಂಕ ಇರುತ್ತವೆ. ಎಂ ಎಂದು ಗುರುತಿಸಿದ್ದು ವಿಧಾನದ ಅಂಕ, ಎ ಎಂದು ಗುರುತಿಸಿದ್ದು ಉತ್ತರದ ಅಂಕ. ಕೂಡಿಸಿ ಕಳೆಯುವಾಗ ಸಂಖ್ಯೆ ತಪ್ಪಿದರೆ ವಿಧಾನದ ಅಂಕಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಆದರೆ ಸೂತ್ರವನ್ನು ಸುಮ್ಮನೆ ಬರೆದಿಟ್ಟರೆ ಸಾಲದು, ಪ್ರಶ್ನೆಯ ಸಂಖ್ಯೆಗಳನ್ನು ಅದರಲ್ಲಿ ಹಾಕಿ ತೋರಿಸಬೇಕು. ಉತ್ತರದ ಅಂಕ ಮಾತ್ರ ಬಿಗಿ: ಅದು ವಿಧಾನದ ಅಂಕವನ್ನು ಅವಲಂಬಿಸಿದೆ. ವಿಧಾನ ಸಿಗದಿದ್ದರೆ ಉತ್ತರವೂ ಸಿಗದು.

ಇದನ್ನೇ ನಮ್ಮ ರೈಲಿನ ಲೆಕ್ಕಕ್ಕೆ ಹೊಂದಿಸಿದರೆ ನಾಲ್ಕು ಅಂಕ ಹೀಗೆ ಹಂಚಿಕೆಯಾಗುತ್ತದೆ.

ಮೊದಲ ಅಂಕ ಸಮೀಕರಣ ಕಟ್ಟಿದ್ದಕ್ಕೆ: 360/x − 360/(x + 5) = 1. ಎರಡನೆಯದು ಛೇದ ತೆಗೆದು ಅದನ್ನು ವರ್ಗ ಸಮೀಕರಣದ ರೂಪಕ್ಕೆ ತಂದದ್ದಕ್ಕೆ: x² + 5x − 1800 = 0. ಮೂರನೆಯದು ಅಪವರ್ತಿಸಿಯೋ ಸೂತ್ರ ಬಳಸಿಯೋ ಅದನ್ನು ಬಿಡಿಸುವ ಸರಿಯಾದ ಕ್ರಮಕ್ಕೆ: (x + 45)(x − 40) = 0. ಈ ಮೂರೂ ವಿಧಾನದ ಅಂಕಗಳು. ನಾಲ್ಕನೆಯದು ಉತ್ತರದ ಅಂಕ: ಜವ ಋಣ ಸಂಖ್ಯೆಯಾಗಲಾರದು ಎಂದು −45ನ್ನು ಬಿಟ್ಟು, ಗಂಟೆಗೆ 40 ಕಿ.ಮೀ. ಎಂದು ಬರೆದದ್ದಕ್ಕೆ.

ಇನ್ನೊಂದು ನಿಯಮ ಸೇರಿಸಿದರೆ ಪಟ್ಟಿ ಮುಗಿಯಿತು. ಒಂದು ತಪ್ಪಿಗೆ ಒಂದೇ ಸಲ ಅಂಕ ಕಳೆಯಬೇಕು, ಅದರ ಮುಂದಿನ ಸಾಲುಗಳನ್ನು ಆ ತಪ್ಪು ಸಂಖ್ಯೆಯನ್ನೇ ಹಿಡಿದು ತಿದ್ದಬೇಕು. ಇದಕ್ಕೆ ಆ ಕಡೆ ಫಾಲೋ ಥ್ರೂ ಎನ್ನುತ್ತಾರೆ. ಐಬಿ ಪರೀಕ್ಷೆಯ ಅಂಕಪಟ್ಟಿಗಳಲ್ಲೂ ಇದು ಇದೆ.

ಐದು ಹಾಳೆ, ಐದು ತೀರ್ಪು

ಈಗ 1400 ಬರೆದ ಹುಡುಗಿಯ ಹಾಳೆ ತಿದ್ದೋಣ. ಸಮೀಕರಣ ಸರಿ, 1. ಛೇದ ತೆಗೆದ ಕ್ರಮ ಸರಿ, ಗುಣಾಕಾರ ಮಾತ್ರ ತಪ್ಪು. ಆದ್ದರಿಂದ ವಿಧಾನಕ್ಕೆ 1. ಅವಳ ಕೈಯಲ್ಲಿರುವ ಸಮೀಕರಣ x² + 5x − 1400 = 0. ಇದನ್ನು (x + 40)(x − 35) = 0 ಎಂದು ಚೊಕ್ಕವಾಗಿ ಅಪವರ್ತಿಸಿದ್ದಾಳೆ, 1. ಉತ್ತರ 35, ಅದಕ್ಕೆ ಸೊನ್ನೆ. ಒಟ್ಟು ನಾಲ್ಕಕ್ಕೆ ಮೂರು.

ಎರಡನೇ ಹಾಳೆಯ ಹುಡುಗ ಅದೇ ಜಾಗದಲ್ಲಿ 1600 ಎಂದು ಬರೆದಿದ್ದಾನೆ. ಅವನ ಪಾಡು ಬೇರೆ. x² + 5x − 1600 ಪೂರ್ಣಾಂಕಗಳಲ್ಲಿ ಅಪವರ್ತನವಾಗುವುದಿಲ್ಲ. ಅವನು ಸೂತ್ರಕ್ಕೆ ಹೋಗಿ, 6425ರ ವರ್ಗಮೂಲ ತೆಗೆಯಲು ಒದ್ದಾಡಿ, ಸುಮಾರು 37.6 ಎಂದು ನಿಲ್ಲಿಸಿದ್ದಾನೆ. ಇವನಿಗೂ ಮೂರೇ. ಇಬ್ಬರೂ ಮಾಡಿದ್ದು ಒಂದೇ ಗುಣಾಕಾರದ ತಪ್ಪು. ಒಬ್ಬರ ತಪ್ಪಿಗೆ ಸುಂದರ ಪೂರ್ಣಾಂಕ ಬಂತು, ಇನ್ನೊಬ್ಬರದಕ್ಕೆ ಬರಲಿಲ್ಲ, ಅಷ್ಟೇ. ಈ ಹುಡುಗ ಸೂತ್ರದಲ್ಲಿ ಬೆಲೆಗಳನ್ನು ಸರಿಯಾಗಿ ಹಾಕಿ, ವರ್ಗಮೂಲದ ಹತ್ತಿರ ಕೈಬಿಟ್ಟಿದ್ದರೂ ಮೂರನೇ ಅಂಕ ಕೊಡಬೇಕಾಗುತ್ತದೆ. ಪ್ರಶ್ನೆ ಪರೀಕ್ಷಿಸಲು ಹೊರಟಿದ್ದು ಬಿಡಿಸುವ ಕ್ರಮವನ್ನು. ಅಷ್ಟು ಒರಟಾದ ವರ್ಗಮೂಲ ಪ್ರಶ್ನೆಯಲ್ಲಿ ಇರಲೇ ಇಲ್ಲ.

ಮೂರನೇ ಹಾಳೆಯಲ್ಲಿ ತಪ್ಪು ಬೇರೆ ಬಗೆಯದು. x(x + 5) ಎಂಬುದನ್ನು 2x + 5 ಎಂದು ಬಿಡಿಸಲಾಗಿದೆ. ಹಾಗಾಗಿ 1800 = 2x + 5, x = 897.5. ಇದು ಕೈಜಾರಿದ ಲೆಕ್ಕವಲ್ಲ, ಗುಣಿಸುವುದೆಂದರೆ ಏನು ಎಂಬಲ್ಲೇ ಎಡವಿದ್ದು. ಹಾಗಾಗಿ ಎರಡನೇ ಅಂಕ ಹೋಯಿತು. ಇನ್ನು x² ಮಾಯವಾದ್ದರಿಂದ ಬಿಡಿಸಲು ವರ್ಗ ಸಮೀಕರಣವೇ ಉಳಿದಿಲ್ಲ. ಮೂರನೇ ಅಂಕ ಇಟ್ಟಿದ್ದು ವರ್ಗ ಸಮೀಕರಣ ಬಿಡಿಸಿದ್ದಕ್ಕೆ, 5ನ್ನು ಪಕ್ಷಾಂತರ ಮಾಡಿ 2ರಿಂದ ಭಾಗಿಸಿದ್ದಕ್ಕಲ್ಲ. ತಪ್ಪಿನಿಂದ ಪ್ರಶ್ನೆ ಸುಲಭವಾಗಿಬಿಟ್ಟರೆ ಮುಂದಿನ ಅಂಕ ಕಡಿಮೆಯಾಗಬೇಕು ಎಂಬುದು ಐಬಿ ಪಾಲಿಸುವ ನಿಯಮವೂ ಹೌದು. ಈ ಹಾಳೆಗೆ ನಾಲ್ಕಕ್ಕೆ ಒಂದು. ರೈಲು ಗಂಟೆಗೆ 897.5 ಕಿ.ಮೀ. ಓಡುತ್ತದೆಂದು ಬರೆದು ಅಡಿಗೆರೆ ಎಳೆದದ್ದನ್ನು ತರಗತಿಯಲ್ಲಿ ಮಾತಾಡಬಹುದು, ಅದಕ್ಕೆ ಬೇರೆ ಅಂಕ ಕಳೆಯಬೇಕಿಲ್ಲ.

ನಾಲ್ಕನೇ ಹಾಳೆಯವನು ಸಮೀಕರಣವನ್ನೇ ತಿರುವುಮುರುವಾಗಿ ಬರೆದಿದ್ದಾನೆ: 360/(x + 5) − 360/x = 1. ಹೆಚ್ಚು ಜವಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದಂತಾಯಿತು. ಮೊದಲ ಅಂಕ ಇಲ್ಲ. ಆದರೆ ಮುಂದೆ ಅವನು ಪ್ರಾಮಾಣಿಕವಾಗಿ ಹೋಗಿದ್ದಾನೆ. x² + 5x + 1800 = 0 ಎಂದು ಬಂದಿದೆ, ಶೋಧಕದ ಬೆಲೆ 25 − 7200 ಋಣ ಎಂದು ಕಂಡು, ವಾಸ್ತವ ಮೂಲಗಳಿಲ್ಲ ಎಂದು ಬರೆದಿದ್ದಾನೆ. ಅವನ ಸಮೀಕರಣಕ್ಕೆ ಅದು ಸರಿಯಾದ ಕೆಲಸ. ಎರಡು ಮತ್ತು ಮೂರನೇ ಅಂಕ ಅವನದು, ಒಟ್ಟು ಎರಡು.

ಐದನೇ ಹಾಳೆಯೇ ನಿಜವಾದ ಸವಾಲು. ಇಲ್ಲೂ ಅದೇ ತಿರುವುಮುರುವು ಸಮೀಕರಣ. ಆದರೆ ಮುಂದಿನ ಸಾಲಿನಲ್ಲಿ +1800 ಬರಬೇಕಾದಲ್ಲಿ ಸದ್ದಿಲ್ಲದೆ −1800 ಬಂದಿದೆ, ಕೊನೆಗೆ 40 ಎಂಬ ಸರಿಯಾದ ಉತ್ತರವೂ ಇದೆ. ಉತ್ತರ ಮಾತ್ರ ನೋಡಿ ತಿದ್ದುವವರು ಇದಕ್ಕೆ ಪೂರ್ತಿ ನಾಲ್ಕು ಕೊಟ್ಟಿರುತ್ತಾರೆ. ನಮ್ಮ ಪಟ್ಟಿಯಂತೆ ಸಮೀಕರಣಕ್ಕೆ ಸೊನ್ನೆ. ಒಂದು ಸಾಲಿನಿಂದ ಮುಂದಿನ ಸಾಲು ಹುಟ್ಟದ್ದರಿಂದ ಎರಡನೆಯದಕ್ಕೂ ಸೊನ್ನೆ. ಅಪವರ್ತನಕ್ಕೆ 1. ಉತ್ತರದ ಅಂಕ ವಿಧಾನವನ್ನು ನಂಬಿಕೊಂಡಿದ್ದರಿಂದ ಅದೂ ಇಲ್ಲ. 40 ಬರೆದವನಿಗೆ ಒಂದು, 35 ಬರೆದವಳಿಗೆ ಮೂರು! ಮಕ್ಕಳು ಜಗಳಕ್ಕೆ ಬರುವುದು ಇಲ್ಲೇ. ಆದ್ದರಿಂದ ಈ ನಿಯಮವನ್ನು ವರ್ಕ್‌ಶೀಟ್ ಹಂಚುವಾಗಲೇ ಹೇಳಿಬಿಡಬೇಕು. ಅದೇ ಹುಡುಗ ಹಿಂದಕ್ಕೆ ಹೋಗಿ ಮೊದಲ ಸಾಲನ್ನು ಹೊಡೆದುಹಾಕಿ ಸರಿಪಡಿಸಿದ್ದರೆ ಪೂರ್ತಿ ನಾಲ್ಕು ಸಿಗುತ್ತಿತ್ತು ಎಂಬುದನ್ನೂ ಹೇಳಬೇಕು.

ಕೈಜಾರಿದ್ದೋ, ತಿಳಿಯದ್ದೋ?

ಈ ಪಟ್ಟಿಯ ದುರ್ಬಲ ಜಾಗ ಒಂದಿದೆ. ಲೆಕ್ಕದ ತಪ್ಪು ಎಲ್ಲಿ ಮುಗಿಯುತ್ತದೆ, ವಿಧಾನದ ತಪ್ಪು ಎಲ್ಲಿ ಶುರುವಾಗುತ್ತದೆ ಎಂಬುದು ಎಲ್ಲ ಸಲವೂ ಸ್ಪಷ್ಟವಿರುವುದಿಲ್ಲ. 360 × 5ರಲ್ಲಿ ತಪ್ಪಿದರೆ ಅನುಮಾನವಿಲ್ಲ. ಆದರೆ −2(x − 4) ಎಂಬುದನ್ನು −2x − 8 ಎಂದು ಬಿಡಿಸಿದರೆ? ಚಿಹ್ನೆ ಅವಸರದಲ್ಲಿ ತಪ್ಪಿರಬಹುದು, ಋಣ ಸಂಖ್ಯೆ ಆವರಣದ ಎರಡೂ ಪದಗಳನ್ನು ಗುಣಿಸುತ್ತದೆ ಎಂಬುದೇ ತಿಳಿಯದೆಯೂ ಇರಬಹುದು.

ಒಂದೇ ಸಾಲು ನೋಡಿ ಇದನ್ನು ಹೇಳಲಾಗದು. ವರ್ಕ್‌ಶೀಟ್‌ನ ಅನುಕೂಲ ಇಲ್ಲಿ ಒದಗುತ್ತದೆ. ಅದೇ ಬಗೆಯ ಆವರಣ ಬೇರೆ ಪ್ರಶ್ನೆಗಳಲ್ಲೂ ಬಂದಿರುತ್ತದೆ. ಅಲ್ಲೆಲ್ಲ ಸರಿಯಿದ್ದು ಇಲ್ಲೊಂದು ಕಡೆ ತಪ್ಪಿದ್ದರೆ ಕೈಜಾರಿದ್ದು, ವಿಧಾನದ ಅಂಕ ಉಳಿಯಲಿ. ಎಲ್ಲ ಕಡೆಯೂ ಹಾಗೇ ಇದ್ದರೆ ಕಲಿಕೆಯ ಕೊರತೆ, ಪ್ರತಿ ಸಲವೂ ವಿಧಾನದ ಅಂಕ ಕಳೆಯಬೇಕು. ಹಾಗೆಯೇ ಪ್ರಶ್ನೆಯ ಉದ್ದೇಶವನ್ನೂ ನೋಡಬೇಕು. ಏಳನೇ ತರಗತಿಯಲ್ಲಿ ಪೂರ್ಣಾಂಕಗಳ ಗುಣಾಕಾರವನ್ನೇ ಕಲಿಸುತ್ತಿರುವಾಗ ಚಿಹ್ನೆಯ ತಪ್ಪನ್ನು ಬರೀ ಲೆಕ್ಕದ ತಪ್ಪು ಎನ್ನಲು ಬರುವುದಿಲ್ಲ. ಅಲ್ಲಿ ಅದೇ ವಿಧಾನ.

ತಿದ್ದುವ ಕೈಗೆ

ಫಾಲೋ ಥ್ರೂ ಪದ್ಧತಿಗೆ ಸಮಯ ಹಿಡಿಯುತ್ತದೆ. ತಪ್ಪು ಸಂಖ್ಯೆ ಹಿಡಿದು ಮುಂದಿನ ಸಾಲುಗಳನ್ನು ತಿದ್ದುವವರೇ ಮಾಡಿ ನೋಡಬೇಕು. ಆದ್ದರಿಂದ ಒಬ್ಬರ ಹಾಳೆ ಪೂರ್ತಿ ಮುಗಿಸಿ ಮುಂದಿನವರದು ಎತ್ತಿಕೊಳ್ಳುವುದಕ್ಕಿಂತ, ಎಲ್ಲರ ಒಂದನೇ ಪ್ರಶ್ನೆ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ ಎಂದು ತಿದ್ದುವುದು ಒಳ್ಳೆಯದು. ಸಾಮಾನ್ಯ ತಪ್ಪುಗಳು ಕೆಲವೇ ಇರುತ್ತವೆ. 1400ಕ್ಕೆ 35 ಎಂದು ಒಮ್ಮೆ ಗುರುತು ಹಾಕಿಕೊಂಡರೆ ಮುಂದಿನ ಹಾಳೆಗೆ ಅದೇ ಸಾಕು, ತೀರ್ಪೂ ಒಂದೇ ಆಗುತ್ತದೆ.

ಹಾಳೆಯಲ್ಲಿ ಕೆಂಪು ಗೆರೆ ಬೀಳಬೇಕಾದ್ದು ಉತ್ತರದ ಮೇಲಲ್ಲ, ತಪ್ಪು ಮೊದಲು ನುಸುಳಿದ ಜಾಗದಲ್ಲಿ. 1400ರ ಸುತ್ತ ಒಂದು ವೃತ್ತ, ಕೆಳಗಿನ ಸಾಲುಗಳಿಗೆ ಸರಿಯ ಗುರುತು, ಬದಿಯಲ್ಲಿ 1, 1, 1, 0. ಆಗ ಹುಡುಗಿಗೆ ತಾನು ವರ್ಗ ಸಮೀಕರಣದ ಪಾಠ ಮತ್ತೆ ಓದಬೇಕಿಲ್ಲ, ಗುಣಾಕಾರ ನೋಡಿಕೊಳ್ಳಬೇಕು ಎಂಬುದು ತಿಳಿಯುತ್ತದೆ. ಬರೀ 3/4 ಎಂದು ಬರೆದರೆ ಇದು ತಿಳಿಯುವುದಿಲ್ಲ.

ಇನ್ನು ಆ ಕಳೆದುಹೋದ ಒಂದು ಅಂಕ. ವಿಧಾನ ಸರಿಯಿದ್ದರೆ ಅದನ್ನೂ ಕೊಟ್ಟುಬಿಡಬಾರದೇ ಎಂದು ಕೇಳುವವರಿದ್ದಾರೆ. ಕೊಡಬಾರದು, ಏಕೆಂದರೆ ತಪ್ಪನ್ನು ಹಿಡಿಯುವ ದಾರಿ ಅವಳ ಕೈಯಲ್ಲೇ ಇತ್ತು. 35ರ ಜವದಲ್ಲಿ 360 ಕಿ.ಮೀ.ಗೆ 10 ಗಂಟೆ 17 ನಿಮಿಷ ಹಿಡಿಯುತ್ತದೆ, 40ರ ಜವದಲ್ಲಿ 9 ಗಂಟೆ. ವ್ಯತ್ಯಾಸ ಒಂದು ಗಂಟೆಯಲ್ಲ, ಒಂದು ಗಂಟೆ 17 ನಿಮಿಷ. ಎರಡು ಭಾಗಾಕಾರ ಮಾಡಿದ್ದರೆ ಗುಣಾಕಾರ ಎಲ್ಲೋ ಎಡವಿದೆ ಎಂದು ಅವಳಿಗೇ ಗೊತ್ತಾಗುತ್ತಿತ್ತು. ನಾಲ್ಕನೇ ಅಂಕ ಇಟ್ಟಿರುವುದು ಹೀಗೆ ತಾಳೆ ನೋಡುವವರಿಗಾಗಿ.